ಎಸ್‌ಎಸ್‌ಎಲ್‌ಸಿ ಹೊಸ ನಿಯಮ ಪಾಲಕರಿಗೆ ತಿಳಿಯುವ ಹಾಗೆ ಸಭೆ ನಡೆಸುವುದು ಹೇಗೆ? ಹೆಡ್‌ಮಾಸ್ತರರಿಗೊಂದು ಸಮಗ್ರ ಮಾರ್ಗದರ್ಶಿ

ಪಾಲಕರ ಸಭೆ ಮುಗಿದ ಮೇಲೆ ಶಾಲೆಯ ಗೇಟಿನ ಹತ್ತಿರ ನಿಂತು ಕೇಳಿ. ಸಾಮಾನ್ಯವಾಗಿ ಮೂರು ಮಾತು ಕಿವಿಗೆ ಬೀಳುತ್ತವೆ. "ಮೂವತ್ಮೂರು ಬಂದ್ರ ಪಾಸಂತ." "ಮೂರು ಸಲ ಬರಿಯಾಕ ಬರ್ತೈತಿ, ಮಾರ್ಚ್‌ದಾಗ ಹೋದ್ರೂ ನಡಿತೈತಿ." "ಕಡೀಕ ಗ್ರೇಸ್ ಕೊಟ್ಟ ಕೊಡ್ತಾರ." ಮೊದಲನೆಯದು ಅರ್ಧ ಸರಿ. ಎರಡನೆಯದು ಮಗುವಿನ ಒಂದು ವರ್ಷ ತಿನ್ನಬಲ್ಲದು. ಮೂರನೆಯದನ್ನು ನಂಬಿ ಕೂರುವಂತಿಲ್ಲ.

ಒಂದು ಗಂಟೆ ಮಾತಾಡಿಯೂ ಈ ಮೂರು ತಲೆಯಲ್ಲಿ ಉಳಿದರೆ ಸಭೆ ನಡೆದೂ ನಡೆಯದಂತೆ. ಹಾಗಾಗಿ ಈ ಮಾರ್ಗದರ್ಶಿ. ಬಾಗಲಕೋಟೆ ಜಿಲ್ಲೆಯ ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿ ಕಡೆಯ ಪ್ರೌಢಶಾಲೆಗಳನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಅಲ್ಲಿ ಅರ್ಧ ಮನೆಗಳದ್ದು ಕಬ್ಬು, ಇನ್ನರ್ಧದ್ದು ಮಗ್ಗ. ಬೆಳಗಾವಿ, ವಿಜಯಪುರದ ಶಾಲೆಗಳಿಗೂ ಹೊಂದುತ್ತದೆ. ಹಬ್ಬ, ಸಂತೆ, ಹಂಗಾಮು ಮಾತ್ರ ನಿಮ್ಮ ಊರಿನ ಪ್ರಕಾರ ಬದಲಿಸಿಕೊಳ್ಳಿ.

## ಹಂತ 1: ಸಭೆಗೆ ಮುಂಚೆ ಕೈಯಲ್ಲಿ ಇರಬೇಕಾದದ್ದು

ನಾಲ್ಕು ವಸ್ತು ಸಾಕು. ಈ ವರ್ಷದ ಸುತ್ತೋಲೆಯ ಪ್ರತಿ, ಕರಿಹಲಗೆ ಮತ್ತು ಎರಡು ಬಣ್ಣದ ಸೀಮೆಸುಣ್ಣ, ಪ್ರತಿ ಮಗುವಿಗೆ ಒಂದು ಅಂಕದ ಚೀಟಿ, ಫೋನ್ ನಂಬರ್ ಬರೆದುಕೊಳ್ಳುವ ರಿಜಿಸ್ಟರ್.

ಸುತ್ತೋಲೆಯನ್ನು ವಾಟ್ಸ್ಆ್ಯಪ್‌ನಿಂದ ತೆಗೆದುಕೊಳ್ಳಬೇಡಿ. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಜಾಲತಾಣ kseab.karnataka.gov.in ನಿಂದಲೇ ಇಳಿಸಿಕೊಳ್ಳಿ. ಮೇಲಿನ ದಿನಾಂಕ ನೋಡಿ. ನಿಯಮಗಳು ಕೆಲವೇ ವರ್ಷಗಳಲ್ಲಿ ಹಲವು ಸಲ ಬದಲಾಗಿವೆ. ಹಳೆಯ ವರ್ಷದ ಹಾಳೆ ಇನ್ನೂ ಗ್ರೂಪ್‌ಗಳಲ್ಲಿ ಓಡಾಡುತ್ತಿರುತ್ತದೆ, ಪಾಲಕರು ಅದನ್ನೇ ತೋರಿಸಿ ಪ್ರಶ್ನೆ ಕೇಳುತ್ತಾರೆ. ಆಗ ದಿನಾಂಕ ಇರುವ ನಿಮ್ಮ ಪ್ರತಿ ಮೇಜಿನ ಮೇಲಿದ್ದರೆ ವಾದ ಬೆಳೆಯುವುದಿಲ್ಲ.

ಅಂಕದ ಚೀಟಿಯೇ ಇಡೀ ಸಭೆಯ ಮುಖ್ಯ ಸಾಮಾನು. ಅಂಗೈ ಅಗಲದ ಕಾಗದ ಸಾಕು. ಮಗುವಿನ ಹೆಸರು, ಆರು ವಿಷಯ, ಪ್ರತಿಯೊಂದರ ಮುಂದೆ ಪೂರ್ವಸಿದ್ಧತಾ ಪರೀಕ್ಷೆಯ ಅಂಕಕ್ಕೆ ಆಂತರಿಕ ಅಂಕ ಸೇರಿಸಿದ ಮೊತ್ತ, ಕೆಳಗೆ ಒಟ್ಟು. ತರಗತಿ ಶಿಕ್ಷಕರು ಕೈಯಲ್ಲೇ ಬರೆಯಲಿ. ಮಡಚಿ ಕೊಡಿ. ಯಾವ ಮಗುವಿನ ಅಂಕವನ್ನೂ ಮೈಕಿನಲ್ಲಿ ಓದಬಾರದು. ಒಮ್ಮೆ ಓದಿದರೆ ಕಡಿಮೆ ಅಂಕದ ಮಗುವಿನ ತಾಯಿ ಮುಂದಿನ ಸಭೆಗೆ ಬರುವುದಿಲ್ಲ. ನಮಗೆ ಹೆಚ್ಚು ಬೇಕಾದವರೇ ಅವರು, ಅಲ್ವಾ?

## ಹಂತ 2: ದಿನ ಮತ್ತು ಹೊತ್ತು ಗೊತ್ತು ಮಾಡುವುದು

ಬೆಳಗ್ಗೆ ಹನ್ನೊಂದಕ್ಕೆ ಸಭೆ ಇಟ್ಟರೆ ಶಿಕ್ಷಕರಿಗೆ ಅನುಕೂಲ. ಮಗ್ಗದವರಿಗೆ ಅರ್ಧ ದಿನದ ಕೂಲಿ ಹೋಗುತ್ತದೆ. ಕಬ್ಬು ಕಡಿಯುವವರು ಆ ಹೊತ್ತಿಗೆ ಹೊಲದಲ್ಲಿರುತ್ತಾರೆ. ಸಂಜೆ ಆರರ ಮೇಲೆ ಇಡಿ, ಮುಕ್ಕಾಲು ಗಂಟೆಯಲ್ಲಿ ಮುಗಿಸಿ.

ಊರಿನ ಸಂತೆ ದಿನ ಬೇಡ. ಅಮಾವಾಸ್ಯೆಗೆ ಜನ ದೇವರಿಗೆ ಹೋಗುತ್ತಾರೆ, ಅದೂ ಬೇಡ. ನಮ್ಮ ಕಡೆ ಸೋಮವಾರ ಎತ್ತು ಹೂಡದ ಮನೆಗಳು ಇನ್ನೂ ಇವೆ, ರೈತರು ಜಾಸ್ತಿ ಇರುವ ಊರಲ್ಲಿ ಅದು ಒಳ್ಳೆಯ ದಿನ. ಜನವರಿಯಲ್ಲಿ ಸಂಕ್ರಾಂತಿ ಹೊತ್ತಿಗೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ. ಬಾದಾಮಿ ಹತ್ತಿರ ಬನಶಂಕರಿ ಜಾತ್ರೆಯೂ ಆಸುಪಾಸಿನಲ್ಲೇ ಬರುತ್ತದೆ. ಆ ವಾರಗಳನ್ನು ಬಿಟ್ಟುಬಿಡಿ.

ನೋಟಿಸ್ ಮಕ್ಕಳ ಕೈಯಲ್ಲಿ ಕಳಿಸಿದರೆ ಸಾಲದು. ಅಂಕ ಕಡಿಮೆ ಇರುವ ಮಗು ಅದನ್ನು ಚೀಲದಲ್ಲೇ ಇಟ್ಟುಕೊಳ್ಳುತ್ತದೆ. ಎಸ್‌ಡಿಎಂಸಿ ಸದಸ್ಯರಿಗೆ ಹೇಳಿ ಓಣಿ ಓಣಿಗೆ ತಿಳಿಸಿ. ಪಂಚಾಯಿತಿಯವರು ಒಪ್ಪಿದರೆ ಡಂಗುರ ಸಾರಿಸಿ. ತೋಟದ ಮನೆಗಳಿಗೆ ಮಾತ್ರ ಫೋನೇ ದಾರಿ.

## ಹಂತ 3: ಪಾಸ್ ನಿಯಮ ಹೇಳುವ ಕ್ರಮ

ಸ್ವಾಗತ, ಹಾರ, ಗಣ್ಯರ ಮಾತು ಐದು ನಿಮಿಷಕ್ಕೆ ಮುಗಿಯಲಿ. ಪಾಲಕರ ಗಮನ ಚುರುಕಾಗಿರುವುದು ಮೊದಲ ಇಪ್ಪತ್ತು ನಿಮಿಷ. ನಿಯಮ ಅಷ್ಟರೊಳಗೆ ಬರಬೇಕು.

ಹಳೆಯ ನಿಯಮದಿಂದ ಶುರು ಮಾಡಬೇಡಿ. "ಮೊದಲು ಶೇ 35 ಇತ್ತು, ಆಮೇಲೆ ಹೀಗಾಯಿತು" ಅಂತ ಹೇಳುತ್ತಾ ಹೋದರೆ ಎರಡೂ ಸಂಖ್ಯೆ ಕಲಸಿಹೋಗುತ್ತವೆ. ಹಲಗೆಯ ಮೇಲೆ ಎರಡೇ ಸಾಲು ಬರೆಯಿರಿ:

ಒಟ್ಟು 625ಕ್ಕೆ ಕನಿಷ್ಠ 206.
ಪ್ರತಿ ವಿಷಯದಲ್ಲಿ ಕನಿಷ್ಠ ಶೇ 30.

2025-26ನೇ ಸಾಲಿನಿಂದ ಬಂದ ಬದಲಾವಣೆ ಇದು. ಶೇ 33 ಅನ್ನುವುದು ಒಟ್ಟು ಅಂಕಕ್ಕೆ ಸೇರಿದ್ದು, ಒಂದೊಂದು ವಿಷಯಕ್ಕಲ್ಲ. ಎರಡು ಸಾಲೂ ಒಟ್ಟಿಗೆ ಆಗಬೇಕು. ಒಂದು ಆಗಿ ಇನ್ನೊಂದು ಆಗದಿದ್ದರೆ ಪಾಸ್ ಇಲ್ಲ. ಇಲ್ಲಿ ಒಂದು ನಿಮಿಷ ನಿಲ್ಲಿ. ಸಭೆಯಲ್ಲಿ ಜಾಸ್ತಿ ತಪ್ಪು ತಿಳಿವಳಿಕೆ ಹುಟ್ಟುವುದು ಈ ಜಾಗದಲ್ಲೇ.

625 ಎಲ್ಲಿಂದ ಬಂತು ಅನ್ನುವುದನ್ನೂ ಹೇಳಿ. ಪ್ರಥಮ ಭಾಷೆಗೆ 125: ಬರವಣಿಗೆಗೆ 100, ಆಂತರಿಕಕ್ಕೆ 25. ಉಳಿದ ಐದು ವಿಷಯಕ್ಕೆ ತಲಾ 100: ಬರವಣಿಗೆಗೆ 80, ಆಂತರಿಕಕ್ಕೆ 20. ಪ್ರಥಮ ಭಾಷೆಯ ಶೇ 30 ಅಂದರೆ 37.5. ಹಲಗೆಯ ಮೇಲೆ 38 ಅಂತಲೇ ಬರೆಯಿರಿ. ಉಳಿದವಕ್ಕೆ 30.

ಈಗ ಪಾಲಕರ ಎದುರಿಗೇ ಕೂಡಿಸಿ. ಎಲ್ಲ ವಿಷಯದಲ್ಲೂ ಅಂಚಿಗೆ ಪಾಸಾದರೆ 38 ಮತ್ತು ಐದು ಮೂವತ್ತು, ಒಟ್ಟು 188. ಬೇಕಾದದ್ದು 206. ಇನ್ನೂ 18 ಕಡಿಮೆ. ಈ 18 ಅನ್ನು ಬೇರೆ ಬಣ್ಣದಲ್ಲಿ ಬರೆದು ಸುತ್ತ ಗೆರೆ ಎಳೆಯಿರಿ. "ಎಲ್ಲಾದ್ರಾಗೂ ಮೂವತ್ತು ಬಂದ್ರ ಸಾಕು" ಅನ್ನುವ ಮಾತು ಅಲ್ಲಿಗೆ ನಿಲ್ಲುತ್ತದೆ.

## ಹಂತ 4: ಮೂರು ಮಕ್ಕಳ ಲೆಕ್ಕ ಹಲಗೆಯ ಮೇಲೆ

ನಿಮ್ಮ ಶಾಲೆಯ ಮಕ್ಕಳ ಅಂಕ ಬೇಡ, ಕಲ್ಪಿಸಿದ ಅಂಕ ತೆಗೆದುಕೊಳ್ಳಿ. ಅಂಕ ಬರೆಯುವ ಕ್ರಮ ಕನ್ನಡ, ಇಂಗ್ಲಿಷ್, ಹಿಂದಿ, ಗಣಿತ, ವಿಜ್ಞಾನ, ಸಮಾಜ. ಉರ್ದು, ಮರಾಠಿ ಮಾಧ್ಯಮದ ಶಾಲೆಯಾದರೆ ಭಾಷೆಯ ಹೆಸರು ಬದಲಿಸಿ.

ಮೊದಲ ಹುಡುಗ: 52, 31, 36, 30, 30, 33. ಒಟ್ಟು 212. ಎಲ್ಲ ವಿಷಯ ಶೇ 30 ದಾಟಿವೆ ಅಥವಾ ಮುಟ್ಟಿವೆ, ಒಟ್ಟೂ 206 ದಾಟಿದೆ. ಪಾಸ್.

ಎರಡನೆಯ ಹುಡುಗಿ: 60, 38, 45, 27, 34, 41. ಒಟ್ಟು 245. ಮೊದಲ ಹುಡುಗನಿಗಿಂತ 33 ಅಂಕ ಜಾಸ್ತಿ. ಆದರೂ ಪಾಸ್ ಇಲ್ಲ, ಯಾಕೆಂದರೆ ಗಣಿತದಲ್ಲಿ 27. ಇಲ್ಲಿ ಪಾಲಕರು ಗುಸುಗುಸು ಅನ್ನುತ್ತಾರೆ. ಬಿಡಿ, ಮಾತಾಡಿಕೊಳ್ಳಲಿ. ಒಟ್ಟು ಮೊತ್ತ ವಿಷಯದ ಕೊರತೆ ತುಂಬುವುದಿಲ್ಲ ಅಂತ ಅವರೇ ಕಂಡುಕೊಂಡರೆ ಮರೆಯುವುದಿಲ್ಲ.

ಮೂರನೆಯ ಹುಡುಗ: 40, 31, 33, 30, 31, 34. ಯಾವ ವಿಷಯದಲ್ಲೂ ಬಿದ್ದಿಲ್ಲ. ಒಟ್ಟು 199. ಏಳು ಅಂಕ ಕಡಿಮೆ.

ಮೂರನೆಯವನ ಲೆಕ್ಕದ ಮುಂದೆ ಜಾಸ್ತಿ ಹೊತ್ತು ನಿಲ್ಲಿ. ಆ ಏಳು ಅಂಕ ಎಲ್ಲಿಂದ ತರಬೇಕು ಅಂತ ಕೇಳಿ. ಬಹಳ ಜನ "ಗಣಿತ ಟ್ಯೂಷನ್" ಅನ್ನುತ್ತಾರೆ. ಗಣಿತದಲ್ಲಿ 30 ಇರುವ ಹುಡುಗನಿಗೆ ಅಲ್ಲೇ ಏಳು ಅಂಕ ಹೆಚ್ಚಿಸುವುದು ಕಷ್ಟದ ದಾರಿ. ಅಲ್ಲಿ ಅವನು 30ರಿಂದ ಕೆಳಗೆ ಬೀಳದ ಹಾಗೆ ನೋಡಿಕೊಳ್ಳಬೇಕು, ಅಷ್ಟೇ. ಅವನ ಕನ್ನಡ ನೋಡಿ: 125ಕ್ಕೆ 40. ಅದು 50 ಆದರೆ ಒಟ್ಟು 209. ಪಾಸ್. ಪದ್ಯ ಕಂಠಪಾಠ, ಪತ್ರಲೇಖನ, ಗಾದೆ ವಿಸ್ತರಣೆ, ವ್ಯಾಕರಣದ ಪುಟ್ಟ ಪ್ರಶ್ನೆಗಳು. ಇವು ಮನೆಯಲ್ಲಿ ತಾಯಿಗೂ ಕೇಳಿ ಒಪ್ಪಿಸಿಕೊಳ್ಳಲು ಬರುವಂಥವು. "ಕನ್ನಡ ತಾನೇ, ಬರ್ತೈತಿ ಬಿಡು" ಅನ್ನುವ ಮನೆಗಳಲ್ಲೇ ಈ ಅಂಕ ಕೈತಪ್ಪುತ್ತದೆ. ಹೆಚ್ಚು ಅಂಕ ಇರುವ ವಿಷಯವನ್ನು ಸುಮ್ನೆ ಬಿಟ್ಟು, ಕಷ್ಟದ ವಿಷಯಕ್ಕೆ ಮಾತ್ರ ದುಡ್ಡು ಸುರಿಯುವುದು ಈ ಭಾಗದಲ್ಲಿ ನಾನು ಮತ್ತೆ ಮತ್ತೆ ಕಾಣುವ ಚಾಳಿ.

ಒಂದು ಎಚ್ಚರಿಕೆ. "ಆಂತರಿಕದಲ್ಲಿ 18 ಬರುತ್ತೆ, ಹಾಗಾದ್ರೆ ಬರವಣಿಗೆಯಲ್ಲಿ 12 ಸಾಕು" ಅನ್ನುವ ಕಳೆಯುವ ಲೆಕ್ಕವನ್ನು ಸಭೆಯಲ್ಲಿ ಮಾಡಬೇಡಿ. ಯಾರಾದರೂ ಮಾಡಿದರೆ ಸುತ್ತೋಲೆಯ ಸಾಲನ್ನು ಹಾಗೇ ಓದಿ, ಮುಂದೆ ಹೋಗಿ. 12ರ ಗುರಿ ಇಟ್ಟುಕೊಂಡ ಮಗು 9ಕ್ಕೆ ನಿಲ್ಲುತ್ತದೆ. ಮನೆಗೆ ಕೊಡುವ ಗುರಿ ಒಂದೇ ಇರಲಿ: 80ರ ಬರವಣಿಗೆಯಲ್ಲೇ 30.

ಗ್ರೇಸ್ ಬಗ್ಗೆ ಎರಡೇ ವಾಕ್ಯ ಸಾಕು. 2024ರಲ್ಲಿ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದ ವರ್ಷ ಶೇ 20ರವರೆಗೆ ಗ್ರೇಸ್ ಸಿಕ್ಕಿತ್ತು, ಅಷ್ಟಾದರೂ ಫಲಿತಾಂಶ ಶೇ 73.40ಕ್ಕೆ ಇಳಿದಿತ್ತು. ಮುಂದೆ ಹಾಗೆ ಗ್ರೇಸ್ ಕೊಡುವುದಿಲ್ಲ ಅಂತ ಸರ್ಕಾರ ಆಮೇಲೆ ಹೇಳಿತು.

## ಹಂತ 5: ಮೂರು ಪರೀಕ್ಷೆಯ ವಿಷಯ

2023-24ರಿಂದ ಪೂರಕ ಪರೀಕ್ಷೆ ಅನ್ನುವ ಹೆಸರು ಹೋಗಿದೆ. ಅದರ ಜಾಗಕ್ಕೆ ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಬಂದವು. ಈ ವರ್ಷ ಎಷ್ಟು ಪರೀಕ್ಷೆ ಅನ್ನುವುದನ್ನು ಮಾತ್ರ ಸುತ್ತೋಲೆ ನೋಡಿಯೇ ಹೇಳಿ. ಮೂರರಲ್ಲಿ ಯಾವ ವಿಷಯದಲ್ಲಿ ಯಾವಾಗ ಹೆಚ್ಚು ಅಂಕ ಬಂತೋ ಅದೇ ಉಳಿಯುತ್ತದೆ. ಎರಡನೆಯ ಸಲ ಕಡಿಮೆ ಬಂದರೆ ಮೊದಲಿನ ಅಂಕ ಹೋಗುವುದಿಲ್ಲ. ಪಾಸಾದ ಮಗುವೂ ಅಂಕ ಹೆಚ್ಚಿಸಿಕೊಳ್ಳಲು ಕೂರಬಹುದು. ಇದು ಒಳ್ಳೆಯ ಸುದ್ದಿ, ಖುಷಿಯಿಂದಲೇ ಹೇಳಿ.

ಆಮೇಲೆ ತಡಮಾಡದೆ ಇನ್ನೊಂದು ಮಗ್ಗುಲನ್ನೂ ಹೇಳಿ. ಮೊದಲ ಸಲ ಬರೆಯುವ ಮಗು ಪರೀಕ್ಷೆ-1ಕ್ಕೆ ನೋಂದಣಿ ಆಗಲೇಬೇಕು. ಅದಕ್ಕೆ ಶೇ 75 ಹಾಜರಾತಿ ಬೇಕು. ಕಬ್ಬಿನ ಹಂಗಾಮಿನಲ್ಲಿ ನವೆಂಬರ್‌ನಿಂದ ತಿಂಗಳುಗಟ್ಟಲೆ ಶಾಲೆ ಬಿಡಿಸಿದರೆ "ಮುಂದಿನ ಪರೀಕ್ಷೆ ಬರೆದರಾಯ್ತು" ಅನ್ನುವ ಮಾತೇ ಉಳಿಯುವುದಿಲ್ಲ.

ಈಗ ತಿಂಗಳುಗಳನ್ನು ಹಲಗೆಯ ಮೇಲೆ ಬರೆಯಿರಿ. 2025ರಲ್ಲಿ ಪರೀಕ್ಷೆ-1 ಮಾರ್ಚ್ 21ಕ್ಕೆ, ಪರೀಕ್ಷೆ-2 ಮೇ 26ಕ್ಕೆ, ಪರೀಕ್ಷೆ-3 ಜುಲೈ 5ಕ್ಕೆ ಶುರುವಾದವು. ವರ್ಷಕ್ಕೆ ತಕ್ಕ ಹಾಗೆ ದಿನಾಂಕ ಹಿಂದೆ ಮುಂದೆ ಆಗುತ್ತದೆ. ಆದರೆ ಎರಡನೆಯದು ಬೇಸಿಗೆಯಲ್ಲಿ, ಮೂರನೆಯದು ಮಳೆಗಾಲದಲ್ಲಿ ಬರುತ್ತದೆ ಅನ್ನುವುದನ್ನು ಗಟ್ಟಿಯಾಗಿ ಹೇಳಿ.

ಬೇಸಿಗೆಯಲ್ಲಿ ನಮ್ಮ ಮನೆಗಳಲ್ಲಿ ಏನು ನಡೆಯುತ್ತದೆ? ಗೋವಾ, ಪುಣೆ, ಮಂಗಳೂರು ಕಡೆ ದುಡಿಯಲು ಹೋಗುತ್ತಾರೆ. ಮಕ್ಕಳು ಅಜ್ಜಿ ಊರಿಗೆ ಹೋಗುತ್ತಾರೆ. ಮನೆಯಲ್ಲಿ ಮದುವೆ ಇರುತ್ತದೆ. ಅದೇ ಹೊತ್ತಿಗೆ ಫಲಿತಾಂಶ ಬಂದು, ಕೆಲವೇ ದಿನಗಳಲ್ಲಿ ಪರೀಕ್ಷೆ-2ಕ್ಕೆ ಹೆಸರು ಕೊಡಬೇಕಾಗುತ್ತದೆ. ಶಾಲೆಯಿಂದ ಫೋನ್ ಮಾಡಿದರೆ ನಂಬರ್ ಬಂದ್. ಗಣಿತದಲ್ಲಿ 27 ಬಂದ ಆ ಹುಡುಗಿ ಕಲಿಕೆಯಲ್ಲಿ ಹಿಂದೆ ಬೀಳುವುದಿಲ್ಲ, ಸುದ್ದಿ ತಲುಪದೆ ಹಿಂದೆ ಬೀಳುತ್ತಾಳೆ. ಎರಡನೆಯ ಅವಕಾಶ ಕೈತಪ್ಪುವ ದೊಡ್ಡ ಕಾರಣ ಇದೇ ಅಂತ ನನಗೆ ಅನ್ನಿಸಿದೆ.

ಆದ್ದರಿಂದ ಸಭೆಯಲ್ಲೇ ರಿಜಿಸ್ಟರ್ ಹರಿದಾಡಲಿ. ಪ್ರತಿ ಮನೆಯಿಂದ ಎರಡು ನಂಬರ್: ಒಂದು ತಂದೆ ಅಥವಾ ತಾಯಿಯದು, ಇನ್ನೊಂದು ಊರಲ್ಲೇ ಇರುವ ಬೇರೆಯವರದು. ಸೋದರಮಾವ, ದೊಡ್ಡಪ್ಪ, ಕಿರಾಣಿ ಅಂಗಡಿಯವರು, ಯಾರಾದರೂ ಸರಿ. ಜೊತೆಗೆ ಒಂದು ಪ್ರಶ್ನೆ: "ಏಪ್ರಿಲ್, ಮೇದಾಗ ಎಲ್ಲಿರ್ತೀರಿ?" ಉತ್ತರ ಪಕ್ಕದಲ್ಲಿ ಬರೆದುಕೊಳ್ಳಿ.

ಹೆಣ್ಣುಮಕ್ಕಳ ಪಾಲಕರ ಹತ್ತಿರ ಇನ್ನೊಂದು ಮಾತು ನೇರವಾಗಿ ಆಡಬೇಕು. ಪರೀಕ್ಷೆ-1ರಲ್ಲಿ ಫೇಲಾದಳು ಅಂತ ಬೇಸಿಗೆಯಲ್ಲೇ ಲಗ್ನ ಗೊತ್ತು ಮಾಡುವುದು ಇನ್ನೂ ನಿಂತಿಲ್ಲ. 18 ತುಂಬದೆ ಮದುವೆ ಮಾಡುವುದು ಅಪರಾಧ. ಅದರ ಜೊತೆಗೆ ಮೇನಲ್ಲಿ ಪರೀಕ್ಷೆ ಇದೆ, ಜುಲೈ ಹೊತ್ತಿಗೆ ಇನ್ನೊಂದಿದೆ ಅನ್ನುವುದನ್ನೂ ಹೇಳಿ. ಯಾರನ್ನೂ ಬೆರಳು ಮಾಡಿ ತೋರಿಸಬೇಡಿ. ಮಕ್ಕಳ ಸಹಾಯವಾಣಿ 1098 ಅನ್ನು ಹಲಗೆಯ ಮೂಲೆಯಲ್ಲಿ ಬರೆದಿಡಿ, ಸಾಕು.

## ಹಂತ 6: ತಿರುಗಿ ಕೇಳುವುದು

"ತಿಳೀತಾ?" ಅಂದರೆ ಎಲ್ಲರೂ ತಲೆಯಾಡಿಸುತ್ತಾರೆ. ಅದರಿಂದ ಏನೂ ಗೊತ್ತಾಗುವುದಿಲ್ಲ. ಹಲಗೆಯ ಮೇಲೆ ಹೊಸ ಅಂಕ ಬರೆದು "ಇವ ಪಾಸೋ, ಇಲ್ಲೋ? ಯಾಕ?" ಅಂತ ಕೇಳಿ. ಹಿಂದೆ ಕೂತವರನ್ನು, ತಾಯಂದಿರನ್ನು ಕೇಳಿ. ಓದು ಬರಹ ಬಾರದವರಿಗೂ ಕೂಲಿ, ವಾರದ ಬಟವಾಡೆ ಲೆಕ್ಕ ಬಾಯಲ್ಲೇ ಬರುತ್ತದೆ. ಅಂಕವನ್ನು ಬಾಯಿಮಾತಲ್ಲಿ ಹೇಳಿದರೆ ಅವರು ಶಿಕ್ಷಕರಿಗಿಂತ ಬೇಗ ಕೂಡಿಸುತ್ತಾರೆ.

ಮೂರರಲ್ಲಿ ಇಬ್ಬರು ತಪ್ಪು ಹೇಳಿದರೆ ಮುಂದೆ ಹೋಗಬೇಡಿ. ಎರಡು ಸಾಲಿನ ನಿಯಮಕ್ಕೆ ಮತ್ತೆ ಬನ್ನಿ. ಮನೆಯ ಬೆಂಬಲದ ಮಾತು ಐದು ನಿಮಿಷ ತಡವಾದರೂ ಪರವಾಗಿಲ್ಲ.

ಸಭೆ ದಾರಿ ತಪ್ಪುತ್ತಿದೆ ಅನ್ನುವುದಕ್ಕೆ ಕೆಲವು ಗುರುತುಗಳಿವೆ. ಪ್ರಶ್ನೆಗಳೆಲ್ಲ ಮುಂದಿನ ಸಾಲಿನಿಂದಲೇ ಬರುವುದು. ಮಾತು ಬಿಸಿಯೂಟ, ಸಮವಸ್ತ್ರದ ಕಡೆ ಹೊರಳುವುದು. ಪಾಲಕರು ಚೀಟಿ ಬಿಚ್ಚಿ ನೋಡದೆ ಜೇಬಿಗಿಡುವುದು. ಕೊನೆಯದು ಕಂಡರೆ ಅಲ್ಲೇ ನಿಲ್ಲಿಸಿ, "ಎಲ್ಲಾರೂ ಚೀಟಿ ತಗೀರಿ, 206 ಆಗೇತೇನು ನೋಡ್ರಿ" ಅನ್ನಿ. ಓದಲು ಬಾರದವರ ಪಕ್ಕ ಒಬ್ಬ ಶಿಕ್ಷಕರು ಕೂರಲಿ.

## ಹಂತ 7: ಮನೆಯವರು ಮಾಡಬೇಕಾದದ್ದು

"ಮಕ್ಕಳಿಗೆ ಪ್ರೋತ್ಸಾಹ ಕೊಡಿ" ಅಂದರೆ ಯಾರಿಗೂ ಏನು ಮಾಡಬೇಕು ಅಂತ ತಿಳಿಯುವುದಿಲ್ಲ. ಕೆಲಸದ ಹೆಸರು ಹಿಡಿದು ಹೇಳಿ.

ಮಗ್ಗದ ಮನೆಯಲ್ಲಿ ಸಂಜೆ ಮಕ್ಕಳು ಕಂಡಿಕೆ ಸುತ್ತುತ್ತಾರೆ. ಪರೀಕ್ಷೆ ಮುಗಿಯುವವರೆಗೆ ಆ ಕೆಲಸ ಬೇರೆಯವರು ನೋಡಿಕೊಳ್ಳಲು ಆಗುತ್ತಾ ಅಂತ ಕೇಳಿ. ಆಗದು ಅಂದರೆ ಬೆಳಗ್ಗೆ ಐದರಿಂದ ಏಳರವರೆಗಿನ ಹೊತ್ತನ್ನಾದರೂ ಬಿಟ್ಟುಕೊಡಲಿ. ಪವರ್‌ಲೂಮಿನ ಸದ್ದಿನಲ್ಲಿ ಓದು ತಲೆಗೆ ಹತ್ತುವುದಿಲ್ಲ, ಮಗ್ಗ ಶುರುವಾಗುವ ಮುಂಚಿನ ಹೊತ್ತೇ ಆ ಮನೆಯಲ್ಲಿ ಓದಿನ ಹೊತ್ತು. ಹತ್ತಿರದಲ್ಲಿ ಗುಡಿಯ ಕಟ್ಟೆ, ಶಾಲೆಯ ಕೋಣೆ ಇದ್ದರೆ ರಾತ್ರಿ ಓದಿಗೆ ಅದನ್ನು ಗೊತ್ತು ಮಾಡಿ. ಶಾಲೆಯ ಕೀಲಿ ಯಾರ ಹತ್ತಿರ ಇರುತ್ತದೆ ಅನ್ನುವುದನ್ನೂ ಸಭೆಯಲ್ಲೇ ತೀರ್ಮಾನಿಸಿ.

ತೋಟದ ಮನೆಯವರ ಕಷ್ಟ ಬೇರೆ. ಮೂರು ಫೇಸ್ ಕರೆಂಟ್ ಬಂದಾಗ ಕಬ್ಬಿಗೆ ನೀರು ಹಾಯಿಸಬೇಕು, ಅದು ಎಷ್ಟೋ ಸಲ ರಾತ್ರಿ ಪಾಳಿ. ಆ ಪಾಳಿಗೆ ಹತ್ತನೆಯ ಹುಡುಗನನ್ನು ಕಳಿಸಬೇಡಿ ಅಂತ ಬಿಡಿಸಿ ಹೇಳಿ. ಬೆಳಗ್ಗೆ ಕ್ಲಾಸಿನಲ್ಲಿ ನಿದ್ದೆ ತೂಗುವ ಹುಡುಗರಲ್ಲಿ ಬಹಳಷ್ಟು ಜನ ನೀರು ಹಾಯಿಸಿ ಬಂದವರೇ.

ಮನೆಯ ಪರೀಕ್ಷೆ ಹೇಗಿರಬೇಕು ಅನ್ನುವುದನ್ನೂ ಕಲಿಸಿ. ವಾರಕ್ಕೊಂದು ಹಳೆಯ ಪ್ರಶ್ನೆಪತ್ರಿಕೆ. ಗಡಿಯಾರ ಎದುರಿಗೆ. ಮೊದಲ 15 ನಿಮಿಷ ಪ್ರಶ್ನೆಪತ್ರಿಕೆ ಓದಲು ಮಾತ್ರ, ನಿಜವಾದ ಪರೀಕ್ಷೆಯಲ್ಲೂ ಹಾಗೇ. ನಂತರ ಆ ಪತ್ರಿಕೆಗೆ ಕೊಟ್ಟ ಹೊತ್ತು ಮುಗಿಯುವವರೆಗೆ ಎದ್ದೇಳದೆ ಬರೆಯಬೇಕು. ಪಾಲಕರು ಉತ್ತರ ತಿದ್ದಬೇಕಿಲ್ಲ. ಮಗು ಎದ್ದು ಹೋಗದ ಹಾಗೆ, ಫೋನ್ ಮುಟ್ಟದ ಹಾಗೆ ನೋಡಿಕೊಂಡರೆ ಸಾಕು. ಮರುದಿನ ಆ ಹಾಳೆ ಶಾಲೆಗೆ ಬರಲಿ.

ಪರೀಕ್ಷೆ ದಿನ ಕೇಂದ್ರದ ಹತ್ತಿರ ಗುಂಪು ಕೂಡಬಾರದು ಅಂತಲೂ ಹೇಳಿ. ಮಗುವನ್ನು ಬಿಟ್ಟು ವಾಪಸ್ ಹೋಗಲಿ. ಒಳಗೆ ಕ್ಯಾಮೆರಾ ಇದೆ, ಹೊರಗೆ ಪೊಲೀಸರಿರುತ್ತಾರೆ. "ಯಾರೋ ಹೇಳಿಕೊಡ್ತಾರೆ" ಅನ್ನುವ ನಂಬಿಕೆಯಲ್ಲಿ ಓದದೆ ಕೂತ ಮಗು ಮೊದಲ ದಿನವೇ ಕಂಗಾಲಾಗುತ್ತದೆ.

## ಹಂತ 8: ಸಭೆಯ ನಂತರದ ವಾರ

ಬಾರದವರ ಪಟ್ಟಿ ಅದೇ ರಾತ್ರಿ ಮಾಡಿ. ಅವರ ಮಕ್ಕಳ ಒಟ್ಟು ಅಂಕ ಪಕ್ಕದಲ್ಲಿ ಬರೆಯಿರಿ. 206ರ ಕೆಳಗಿರುವವರ ಮತ್ತು ಯಾವುದಾದರೂ ವಿಷಯದಲ್ಲಿ ಶೇ 30 ಮುಟ್ಟದವರ ಮನೆಗೆ ಮೊದಲು ಹೋಗಬೇಕು. ಎಲ್ಲರ ಮನೆಗೂ ಹೋಗುತ್ತೇವೆ ಅಂತ ಹೊರಟರೆ ವಾರ ಮುಗಿದರೂ ಬೇಕಾದ ಮನೆ ತಲುಪುವುದಿಲ್ಲ. ಒಬ್ಬ ಶಿಕ್ಷಕರಿಗೆ ಒಂದು ಓಣಿ ಹಂಚಿ. ಮನೆಯಲ್ಲಿ ಮಾತು ಹತ್ತು ನಿಮಿಷ: ಚೀಟಿ, ಎರಡು ಸಾಲಿನ ನಿಯಮ, ಎರಡನೆಯ ನಂಬರ್.

ಫಲಿತಾಂಶದ ದಿನಕ್ಕೂ ಈಗಲೇ ಸಿದ್ಧತೆ ಬೇಕು. karresults.nic.in ನಲ್ಲಿ ನೋಡಲು ನೋಂದಣಿ ಸಂಖ್ಯೆ ಬೇಕು. ಅದನ್ನು ರಿಜಿಸ್ಟರ್‌ನಲ್ಲೂ ಬರೆದಿಡಿ, ಎಷ್ಟೋ ಮಕ್ಕಳು ಪ್ರವೇಶ ಪತ್ರ ಕಳೆದುಕೊಂಡಿರುತ್ತಾರೆ. ಅಂಕದಲ್ಲಿ ಅನುಮಾನ ಇದ್ದವರಿಗೆ ಮೊದಲು ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿಗೆ ಅರ್ಜಿ, ಅದು ಬಂದ ಮೇಲೆ ಮರುಮೌಲ್ಯಮಾಪನಕ್ಕೆ ಅರ್ಜಿ. ಈ ಕ್ರಮ ತಪ್ಪಬಾರದು. ಆ ಉತ್ತರ ಬರಲಿ ಅಂತ ಕಾಯುತ್ತಾ ಪರೀಕ್ಷೆ-2ರ ನೋಂದಣಿ ಬಿಡಬಾರದು. ಎರಡೂ ಒಟ್ಟಿಗೆ ನಡೆಯಲಿ.

ಪಾಲಕರು ಊರು ಬಿಟ್ಟಿದ್ದರೆ ರಿಜಿಸ್ಟರಿನ ಎರಡನೆಯ ನಂಬರಿಗೆ ಮಾಡಿ. ಅವರಿಗೆ ಹೇಳಬೇಕಾದದ್ದು ಮೂರು ವಿಷಯ: ಯಾವ ವಿಷಯ ಮತ್ತೆ ಬರೆಯಬೇಕು, ಹೆಸರು ಕೊಡಲು ಕೊನೆಯ ದಿನ ಯಾವುದು, ಮಗು ಊರಿಗೆ ಯಾವಾಗ ಬರಬೇಕು. ಯಾರ ಜೊತೆ ಮಾತಾಡಿದಿರಿ, ಯಾವ ದಿನ ಅಂತ ಪಕ್ಕದಲ್ಲಿ ಬರೆದು ಸಹಿ ಹಾಕಿ. ಎರಡು ದಿನದಲ್ಲಿ ಮಗುವಿನ ಕಡೆಯಿಂದ ಉತ್ತರ ಬರದಿದ್ದರೆ ಆ ಓಣಿಯ ಶಿಕ್ಷಕರು ಹೋಗಿ ನೋಡಲಿ.